ಸ್ಕೋಪ್‌ನಲ್ಲಿ ಮುಖ ಹುಡುಕುವುದು: ವೇವ್‌ಫಾರ್ಮ್, ವೆಕ್ಟರ್‌ಸ್ಕೋಪ್ ಮತ್ತು ಚರ್ಮದ ಬಣ್ಣ

ಒಂದು ಶಾಟ್ ಇಟ್ಟುಕೊಂಡೇ ಮಾತಾಡೋಣ, ಇಲ್ಲದಿದ್ದರೆ ಈ ವಿಷಯ ಬರೀ ಗ್ರಾಫ್ ಪಾಠ ಆಗಿಬಿಡುತ್ತದೆ. ಒಂದು ಕೋಣೆ, ಹಿಂದೆ ಬಿಳಿ ಗೋಡೆ. ಫ್ರೇಮಿನ ಬಲ ಅಂಚಿನಲ್ಲಿ ಕಿಟಕಿ, ಅದರ ಪಕ್ಕ ತಿಳಿ ಬಣ್ಣದ ಚರ್ಮದ ಒಬ್ಬ ಹೆಂಗಸು. ಎಡಗಡೆ ಕಪ್ಪು ಚರ್ಮದ ಒಬ್ಬ ಗಂಡಸು, ಅವರ ತಲೆ ಮೇಲೆ ಟ್ಯೂಬ್‌ಲೈಟ್. ಇಬ್ಬರ ಮಧ್ಯೆ ಮರದ ಟೇಬಲ್. ಕ್ಯಾಮೆರಾ ಎಸ್-ಲಾಗ್3ನಲ್ಲಿ, ಅಂದರೆ ಬೆಳಕಿನ ದೊಡ್ಡ ವ್ಯಾಪ್ತಿಯನ್ನು ಒತ್ತಿ ಹಿಡಿದಿಡುವ ಸೋನಿಯ ಲಾಗ್ ರೂಪದಲ್ಲಿ, ರೆಕಾರ್ಡ್ ಮಾಡಿದೆ. ಕಿಟಕಿ ಸುಟ್ಟು ಬಿಳಿಯಾಗುತ್ತದೆ ಅನ್ನೋ ಭಯಕ್ಕೆ ಎಕ್ಸ್‌ಪೋಷರ್ ಸ್ವಲ್ಪ ಕಮ್ಮಿ ಇಟ್ಟಿದ್ದಾರೆ.

ಇಂಥ ಶಾಟ್‌ನ ಬೆಳಕು, ಬಣ್ಣವನ್ನು ಬರೀ ಕಣ್ಣಲ್ಲಿ ಸರಿಮಾಡಲು ಕೂತರೆ ಮೊದಲ ಐದು ನಿಮಿಷ ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಕಣ್ಣು ಒಗ್ಗಿಕೊಂಡುಬಿಡುತ್ತದೆ. ಹಸಿರು ಛಾಯೆ ಇದ್ದರೆ ಅದೇ ಬಿಳಿ ಅನ್ನಿಸಲು ಶುರುವಾಗುತ್ತದೆ. ನಾನು ಹೊಸದರಲ್ಲಿ ರಾತ್ರಿ ಎಲ್ಲಾ ಕೂತು ಮುಗಿಸಿದ ಒಂದು ಸಂದರ್ಶನವನ್ನು ಬೆಳಗ್ಗೆ ಎದ್ದು ನೋಡಿದರೆ ಮಾತಾಡುತ್ತಿದ್ದವರೆಲ್ಲ ಕಾಮಾಲೆ ಬಂದವರ ಹಾಗೆ ಕಾಣುತ್ತಿದ್ದರು. ಮಾನಿಟರ್ ಸರಿಯಾಗಿಯೇ ಇತ್ತು, ದಣಿದಿದ್ದು ನನ್ನ ಕಣ್ಣು. ಚಿತ್ರದ ಬೆಳಕು, ಬಣ್ಣವನ್ನು ಅಳೆದು ಗ್ರಾಫ್ ಆಗಿ ತೋರಿಸುವ ಸ್ಕೋಪ್‌ಗೆ ಈ ದಣಿವು ಇಲ್ಲ. ಹಾಗಂತ ಅದಕ್ಕೆ ಮುಖ ಯಾವುದು, ಟೇಬಲ್ ಯಾವುದು ಅನ್ನೋದೂ ಗೊತ್ತಿಲ್ಲ. ಆ ಕೆಲಸ ನಮ್ಮದು.

ಮೊದಲು ವೇವ್‌ಫಾರ್ಮ್. ಅದರ ಎಡ-ಬಲ ಅಂದರೆ ಚಿತ್ರದ ಎಡ-ಬಲವೇ. ಚಿತ್ರದಲ್ಲಿ ಎಡದಿಂದ ಮೂರನೇ ಒಂದು ಭಾಗದಲ್ಲಿ ಗಂಡಸು ಕೂತಿದ್ದರೆ ವೇವ್‌ಫಾರ್ಮ್‌ನಲ್ಲೂ ಅವರು ಅಲ್ಲೇ ಇರುತ್ತಾರೆ. ಆದರೆ ಮೇಲೆ-ಕೆಳಗೆ ಅನ್ನೋದು ಚಿತ್ರದ ಮೇಲೆ-ಕೆಳಗೆ ಅಲ್ಲ, ಬೆಳಕಿನ ಮಟ್ಟ. ಕೆಳಗೆ 0 ಅಂದರೆ ಪೂರ್ತಿ ಕಪ್ಪು, ಮೇಲೆ 100 ಅಂದರೆ ಪೂರ್ತಿ ಬಿಳಿ. ಬಣ್ಣ ಸರಿಮಾಡುವ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ಇದೇ ಅಳತೆ 0ಯಿಂದ 1023ರವರೆಗೆ ಇರುತ್ತದೆ, ಅದು 10 ಬಿಟ್ ಲೆಕ್ಕ. ಅಲ್ಲಿ 512 ಕಂಡರೆ ಸುಮಾರು ಶೇಕಡಾ 50 ಅಂತ ಓದಿಕೊಳ್ಳಿ. ನಾನು ಇಲ್ಲಿ ನೂರರ ಲೆಕ್ಕದಲ್ಲೇ ಹೇಳುತ್ತೇನೆ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಚಿತ್ರದ ಒಂದು ಉದ್ದ ಸಾಲಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಏನೇನಿದೆಯೋ ಅದೆಲ್ಲ ವೇವ್‌ಫಾರ್ಮ್‌ನ ಅದೇ ಸಾಲಿಗೆ ಬಂದು ಬೀಳುತ್ತದೆ. ನಮ್ಮ ಗಂಡಸಿನ ಸಾಲಿನಲ್ಲಿ ತಲೆ ಮೇಲಿನ ಗೋಡೆ, ಕೂದಲು, ಮುಖ, ಅಂಗಿ, ಟೇಬಲ್‌ನ ಅಂಚು ಎಲ್ಲವೂ ಒಟ್ಟಿಗೆ ಇವೆ. ಅಂಗಿ ತಿಳಿ ಬಣ್ಣದ್ದಾದರೆ ಅದರ ದಟ್ಟ ಗೆರೆಯನ್ನೇ ಮುಖ ಅಂದುಕೊಂಡು ಎಕ್ಸ್‌ಪೋಷರ್ ಹೊಂದಿಸುವವರನ್ನು ನೋಡಿದ್ದೇನೆ. ಆದ್ದರಿಂದ ಮೊದಲ ಕೆಲಸ ಮುಖವನ್ನು ಬೇರೆ ಮಾಡಿ ನೋಡುವುದು. ರಿಸಾಲ್ವ್‌ನಲ್ಲಾದರೆ ಒಂದು ಹೊಸ ನೋಡ್, ಅಂದರೆ ತಿದ್ದುವಿಕೆಯ ಒಂದು ಹಂತ, ಹಾಕಿ, ಕೆನ್ನೆ ಮೇಲೆ ಒಂದು ಚಿಕ್ಕ ಗುಂಡನೆ ವಿಂಡೋ ಎಳೆದು, `Shift+H` ಒತ್ತಿದರೆ ಕೆನ್ನೆ ಬಿಟ್ಟು ಉಳಿದದ್ದೆಲ್ಲ ಬೂದು ಆಗುತ್ತದೆ. ಆ ಬೂದು ಒಂದು ಅಡ್ಡ ಗೆರೆಯಾಗಿ ನಿಲ್ಲುತ್ತದೆ, ಅದನ್ನು ಲೆಕ್ಕಕ್ಕೆ ತಗೋಬೇಡಿ. ಬೇರೆ ಸಾಫ್ಟ್‌ವೇರ್ ಆದರೆ ಸುಮ್ನೆ ಕ್ರಾಪ್ ಮಾಡಿ ಕೆನ್ನೆ ಮಾತ್ರ ಉಳಿಸಿಕೊಳ್ಳಿ, ಅಳತೆ ನೋಡಿಕೊಂಡ ಮೇಲೆ ಕ್ರಾಪ್ ತೆಗೆದುಬಿಡಿ.

ಎಲ್ಲಿ ಅಳೆಯಬೇಕು ಅನ್ನೋದೂ ಮುಖ್ಯ. ಹಣೆಯ ಮೇಲಿನ ಜಿಡ್ಡಿನ ಹೊಳಪು ಬೇಡ, ಅದು ಚರ್ಮದ ಬಣ್ಣ ಅಲ್ಲ, ಬಲ್ಬಿನ ಅಥವಾ ಕಿಟಕಿಯ ಪ್ರತಿಬಿಂಬ. ತುಟಿ, ಕಿವಿ ಬೇಡ, ಅಲ್ಲಿ ರಕ್ತ ಜಾಸ್ತಿ ಕಾಣುತ್ತದೆ. ಬೆಳಕು ಬಿದ್ದ ಕಡೆಯ ಕೆನ್ನೆಯ ಸಪಾಟಾದ ಜಾಗ ಸರಿ.

ಅಳೆಯುವ ಮೊದಲು ಇನ್ನೊಂದು ವಿಷಯ ಮುಗಿಸಿಬಿಡೋಣ. ಲಾಗ್ ಫುಟೇಜ್ ಅನ್ನು ಹಾಗೇ ಟೈಮ್‌ಲೈನ್‌ಗೆ ಹಾಕಿ ಸ್ಕೋಪ್ ನೋಡಿದರೆ ಅದು ಹೇಳುವುದು ಸುಳ್ಳಲ್ಲ, ಆದರೆ ನಮಗೆ ಬೇಕಾದ್ದೂ ಅಲ್ಲ. ಎಸ್-ಲಾಗ್3ನಲ್ಲಿ ಶೇಕಡಾ 18ರ ಮಧ್ಯಮ ಬೂದು ಇರುವುದು 41ರಲ್ಲಿ. ಶೇಕಡಾ 90ರ ಬಿಳಿ ಕಾಗದ ಇರುವುದು 61ರಲ್ಲಿ. ಅಂದರೆ ಬೂದು ಮತ್ತು ಬಿಳಿ ನಡುವೆ ಬರೀ 20 ಹೆಜ್ಜೆ. ಅಲ್ಲಿ ಮುಖ 50ರ ಹತ್ತಿರ ಇದೆ, ಸರಿಯಾಗಿದೆ ಅಂತ ಖುಷಿಪಡಬೇಡಿ. ಮೊದಲು ಸಾಮಾನ್ಯ ಟೀವಿಯ ಮಾನದಂಡವಾದ ರೆಕ್.709 ಗಾಮಾ 2.4ಕ್ಕೆ ಬದಲಾಯಿಸುವ ನೋಡ್ ಕೊನೆಯಲ್ಲಿ ಹಾಕಿ, ಅದು ಚಾಲೂ ಇರುವಾಗಲೇ ಸ್ಕೋಪ್ ನೋಡಬೇಕು. ನಾನು ಕೆಳಗೆ ಹೇಳುವ ಎಲ್ಲ ಅಂಕಿಗಳೂ ಆ ಬದಲಾವಣೆ ಆದ ಮೇಲಿನವು.

ಇದೇ ಹೊತ್ತಿಗೆ ಒಂದು ಸಣ್ಣ ತಪಾಸಣೆ. ಚಿತ್ರದಲ್ಲಿ ಕಡುಗಪ್ಪು ಇದ್ದರೂ ವೇವ್‌ಫಾರ್ಮ್ 6ಕ್ಕಿಂತ ಕೆಳಗೆ ಇಳಿಯುತ್ತಿಲ್ಲ, ಸುಟ್ಟುಹೋದ ಬಿಳಿ ಇದ್ದರೂ 92ರ ಮೇಲೆ ಏರುತ್ತಿಲ್ಲ ಅಂತಾದರೆ ಅದು ಎಕ್ಸ್‌ಪೋಷರ್ ತೊಂದರೆ ಅಲ್ಲ. ವಿಡಿಯೊ ಲೆವೆಲ್‌ನಲ್ಲಿ ಕಪ್ಪು 64, ಬಿಳಿ 940. 1023ರಲ್ಲಿ ಅವು ಸರಿಯಾಗಿ ಶೇಕಡಾ 6 ಮತ್ತು 92 ಆಗುತ್ತವೆ. ಅಂದರೆ ಸಾಫ್ಟ್‌ವೇರ್ ಆ ಕ್ಲಿಪ್‌ನ ಲೆವೆಲ್ ಅನ್ನು ತಪ್ಪಾಗಿ ಓದಿದೆ. ಕ್ಲಿಪ್‌ನ ಸೆಟ್ಟಿಂಗ್‌ನಲ್ಲಿ ಲೆವೆಲ್ ಬದಲಾಯಿಸಿದರೆ ಮುಗಿಯಿತು. ಇದನ್ನು ಗಮನಿಸದೆ ಕಪ್ಪು ಭಾಗದ ಲಿಫ್ಟ್ ಇಳಿಸಿ, ಬಿಳಿ ಭಾಗದ ಗೇನ್ ಏರಿಸಿ ಸರಿಮಾಡಲು ಹೋದರೆ ಮುಂದಿನ ಎಲ್ಲ ಶಾಟ್‌ಗಳಲ್ಲೂ ಅದೇ ಗುದ್ದಾಟ.

ಈಗ ನಮ್ಮ ಶಾಟ್. ಹೆಂಗಸಿನ ಬೆಳಕು ಬಿದ್ದ ಕೆನ್ನೆ 46ರಲ್ಲಿದೆ. ಗಂಡಸಿನ ಕೆನ್ನೆ 28. ಹೆಂಗಸಿನ ಹಿಂದಿನ ಗೋಡೆ 70. ಕಿಟಕಿ 94.

ಮುಖ ಎಷ್ಟರಲ್ಲಿರಬೇಕು? ಸಾಮಾನ್ಯವಾಗಿ ಹೇಳುವ ಅಂದಾಜು ಹೀಗಿದೆ. ತಿಳಿ ಚರ್ಮದ ಬೆಳಕಿನ ಕಡೆ 55ರಿಂದ 70, ಗೋಧಿ ಬಣ್ಣಕ್ಕೆ 45ರಿಂದ 55, ಕಪ್ಪು ಚರ್ಮಕ್ಕೆ 30ರಿಂದ 45. ಕ್ಯಾಮೆರಾದಲ್ಲಿ, ಬೆಳಕು ಒಂದು ಮಟ್ಟ ಮುಟ್ಟಿದ ಕಡೆ ಪಟ್ಟೆ ತೋರಿಸುವ ಜೀಬ್ರಾವನ್ನು 70ಕ್ಕೆ ಇಟ್ಟು ಮುಖ ನೋಡುವ ಹಳೇ ಅಭ್ಯಾಸ ತಿಳಿ ಚರ್ಮದ ಹೊಳೆಯುವ ಭಾಗವನ್ನು ಮನಸ್ಸಲ್ಲಿಟ್ಟುಕೊಂಡದ್ದು. ಅದನ್ನೇ ಎಲ್ಲರ ಮುಖಕ್ಕೂ ಹಚ್ಚಿದರೆ ಕಪ್ಪು ಚರ್ಮದವರು ಬೂದಿ ಮೆತ್ತಿದ ಹಾಗೆ ಕಾಣುತ್ತಾರೆ. ಈ ಅಂಕಿಗಳು ಹಗಲಿನ, ಸಾಧಾರಣ ಬೆಳಕಿನ ದೃಶ್ಯಕ್ಕೆ ಮಾತ್ರ. ರಾತ್ರಿಯ ದೃಶ್ಯದಲ್ಲಿ ಮುಖ 25ರಲ್ಲಿದ್ದರೂ ಸರಿಯೇ.

ಇಲ್ಲಿ ಹೆಂಗಸಿನ ಕೆನ್ನೆಯನ್ನು 57ಕ್ಕೆ ತರೋಣ. ಹೇಗೆ? ಹೊಸಬರು ತಕ್ಷಣ ಗೇನ್ ಎತ್ತುತ್ತಾರೆ. ಬದಲಾವಣೆಯ ನೋಡ್ ಆದ ಮೇಲೆ ಗೇನ್ ಎತ್ತಿದರೆ 94ರಲ್ಲಿರುವ ಕಿಟಕಿ ಮೊದಲು ಹೋಗಿ 100ಕ್ಕೆ ಬಡಿಯುತ್ತದೆ, ಮುಖ ಇನ್ನೂ ಅರ್ಧ ದಾರಿಯಲ್ಲಿರುತ್ತದೆ. ಅದಕ್ಕೆ ನಾನು ಎಕ್ಸ್‌ಪೋಷರ್ ಅನ್ನು ಬದಲಾವಣೆಗೆ ಮುಂಚೆ, ಲಾಗ್‌ನಲ್ಲೇ, ಎಲ್ಲ ಮಟ್ಟಗಳನ್ನೂ ಒಟ್ಟಿಗೆ ಸರಿಸುವ ಆಫ್‌ಸೆಟ್‌ನಿಂದ ಮಾಡುತ್ತೇನೆ. ಎಸ್-ಲಾಗ್3ನಲ್ಲಿ ತೀರಾ ಕತ್ತಲೆಯ ಭಾಗ ಬಿಟ್ಟರೆ ಒಂದು ಸ್ಟಾಪ್, ಅಂದರೆ ಬೆಳಕು ಎರಡು ಪಟ್ಟು ಆಗುವುದು, 1023ರಲ್ಲಿ ಸುಮಾರು 79 ಹೆಜ್ಜೆ. ಎಲ್ಲವನ್ನೂ ಅಷ್ಟು ಮೇಲೆತ್ತಿದರೆ ಕ್ಯಾಮೆರಾದಲ್ಲೇ ಒಂದು ಸ್ಟಾಪ್ ತೆರೆದ ಹಾಗೆ. ಆಮೇಲೆ ಬರುವ ಬದಲಾವಣೆಯ ನೋಡ್ ಮೇಲ್ಭಾಗವನ್ನು ಮೆಲ್ಲಗೆ ಬಾಗಿಸುತ್ತದೆ, ಆದ್ದರಿಂದ ಕಿಟಕಿ ಒಮ್ಮೆಲೇ ಬಡಿಯುವುದಿಲ್ಲ. ನಮಗೆ ಬೇಕಿರುವುದು ಸುಮಾರು ಮುಕ್ಕಾಲು ಸ್ಟಾಪ್, ಅಂದರೆ 60 ಹೆಜ್ಜೆ. ಅಷ್ಟು ಎತ್ತಿದ ಮೇಲೆ ಹೆಂಗಸಿನ ಕೆನ್ನೆ 57, ಗಂಡಸಿನದು 35, ಗೋಡೆ 83, ಕಿಟಕಿ 97.

ಗಂಡಸಿನ 35 ನೋಡಿ ಕೈ ಕಡಿಯುತ್ತದೆ, ಇನ್ನೊಂದು ಚೂರು ಎತ್ತೋಣ ಅಂತ. ಬೇಡ. ಒಂದೇ ಕೋಣೆಯಲ್ಲಿ ಕೂತ ಇಬ್ಬರ ನಡುವೆ ಇರುವ ವ್ಯತ್ಯಾಸ ಅದು, ಅದರಲ್ಲಿ ಚರ್ಮದ್ದು ಸ್ವಲ್ಪ, ಕಿಟಕಿಯಿಂದ ದೂರ ಕೂತದ್ದರದ್ದು ಸ್ವಲ್ಪ. ಕಪ್ಪು ಚರ್ಮದಲ್ಲಿ ಮುಖದ ಆಕಾರವನ್ನು ತೋರಿಸುವುದು ಜಾಸ್ತಿ ಮಟ್ಟಿಗೆ ಕೆನ್ನೆಮೂಳೆ, ಮೂಗಿನ ಮೇಲಿನ ಹೊಳಪು. ವೇವ್‌ಫಾರ್ಮ್‌ನಲ್ಲಿ 35ರ ದಟ್ಟ ಭಾಗದ ಮೇಲೆ 55-60ರವರೆಗೆ ತೆಳುವಾದ ಎಳೆಗಳು ಎದ್ದಿದ್ದರೆ ಆ ಮುಖ ಚೆನ್ನಾಗಿ ಓದಲು ಸಿಗುತ್ತದೆ. ಆ ಎಳೆಗಳೇ ಇಲ್ಲದೆ ಇಡೀ ಮುಖ 25ರಿಂದ 30ರ ನಡುವೆ ಒತ್ತಿಕೊಂಡಿದ್ದರೆ ಆಗ ನಿಜವಾಗಿ ಬೆಳಕು ಸಾಲದು.

ಸುಟ್ಟುಹೋದ ಭಾಗ ಗುರುತಿಸುವುದು ಸುಲಭ. ವೇವ್‌ಫಾರ್ಮ್‌ನ ಮೇಲ್ಭಾಗ ಕತ್ತರಿಸಿದ ಹಾಗೆ ಚಪ್ಪಟೆ, ದಟ್ಟ ಗೆರೆ ಆಗಿರುತ್ತದೆ. ಅದನ್ನು ಕೆಳಗಿಳಿಸಿ ನೋಡಿ. ಚಪ್ಪಟೆ ಗೆರೆ ಹಾಗೇ ಚಪ್ಪಟೆಯಾಗಿ 90ಕ್ಕೆ ಬಂದರೆ ಅಲ್ಲಿ ಏನೂ ಉಳಿದಿಲ್ಲ, ಬಿಳಿ ಹೋಗಿ ಬೂದು ಆಗುತ್ತದೆ ಅಷ್ಟೇ. ಕಿಟಕಿಗೆ ಅದು ನಡೆಯುತ್ತದೆ. ಹಣೆಗೆ ನಡೆಯುವುದಿಲ್ಲ.

ಬಣ್ಣಕ್ಕೆ ಬರೋಣ. ಆದರೆ ಮುಖದ ಬಣ್ಣಕ್ಕೆ ಅಲ್ಲ, ಮೊದಲು ಗೋಡೆಯ ಬಣ್ಣಕ್ಕೆ. ಈ ಕ್ರಮವನ್ನು ತಿರುಗಿಸಿದಾಗಲೇ ಹೆಚ್ಚಿನವರ ಕೆಲಸ ಕೆಡುವುದು.

ಪರೇಡ್ ಅಂದರೆ ಕೆಂಪು, ಹಸಿರು, ನೀಲಿಗೆ ಒಂದೊಂದು ವೇವ್‌ಫಾರ್ಮ್, ಪಕ್ಕಪಕ್ಕದಲ್ಲಿ. ಬಿಳಿ, ಬೂದು, ಕಪ್ಪು ವಸ್ತುಗಳಲ್ಲಿ ಮೂರೂ ಒಂದೇ ಎತ್ತರದಲ್ಲಿ ಇರಬೇಕು. ನಮ್ಮ ಗೋಡೆಯಲ್ಲಿ, ಹೆಂಗಸಿನ ಹಿಂದೆ, ಕೆಂಪು 80, ಹಸಿರು 84, ನೀಲಿ 77. ಹಸಿರು ಮೇಲೆ, ನೀಲಿ ಕೆಳಗೆ. ಹಸಿರು-ಹಳದಿ ಛಾಯೆ ಇದೆ ಅಂತಾಯಿತು. ಗೋಡೆ ಮೇಲ್ಭಾಗದಲ್ಲಿರುವುದರಿಂದ ಗೇನ್‌ನಲ್ಲೇ ಹಸಿರನ್ನು ಎರಡು ಹೆಜ್ಜೆ ಇಳಿಸಿ, ಕೆಂಪು ಎರಡು, ನೀಲಿ ಐದು ಏರಿಸಿದರೆ ಮೂರೂ 82ಕ್ಕೆ ಬಂದು ನಿಲ್ಲುತ್ತವೆ. ಗಂಡಸಿನ ಕಪ್ಪು ಕೂದಲಿನಲ್ಲೂ ಒಮ್ಮೆ ಮೂರನ್ನು ಹೋಲಿಸಿ ನೋಡಿ, ಅಲ್ಲಿ ವ್ಯತ್ಯಾಸ ಇದ್ದರೆ ಅದು ಲಿಫ್ಟ್‌ನ ಕೆಲಸ.

ಈಗ ವೆಕ್ಟರ್‌ಸ್ಕೋಪ್ ತೆರೆಯಿರಿ. ಇದೊಂದು ವೃತ್ತ. ನಡುವಿನ ಚುಕ್ಕೆ ಅಂದರೆ ಬಣ್ಣವೇ ಇಲ್ಲ. ಯಾವ ದಿಕ್ಕಿಗೆ ಹೋಗಿದೆ ಅನ್ನೋದು ಯಾವ ಬಣ್ಣ ಅಂತ ಹೇಳುತ್ತದೆ, ಎಷ್ಟು ದೂರ ಹೋಗಿದೆ ಅನ್ನೋದು ಬಣ್ಣ ಎಷ್ಟು ಗಾಢ ಅಂತ ಹೇಳುತ್ತದೆ. ಗಡಿಯಾರದ ಮುಖದ ಹಾಗೆ ಅಂದುಕೊಂಡರೆ ಕೆಂಪು 12ರಿಂದ ಚೂರು ಎಡಕ್ಕೆ, ಹಳದಿ 9ರ ಹತ್ತಿರ, ಹಸಿರು 7ರ ಆಸುಪಾಸು. ಎಲ್ಲಿದೆ, ಎಷ್ಟು ಬೆಳಕಿದೆ ಅನ್ನುವ ಮಾಹಿತಿ ಇದರಲ್ಲಿ ಇಲ್ಲವೇ ಇಲ್ಲ. ಗೋಡೆ ಸರಿಮಾಡುವ ಮುಂಚೆ ನೋಡಿದ್ದರೆ ನಡುವೆ ಇರಬೇಕಾದ ದಟ್ಟ ಮೋಡ ಎಡಕ್ಕೆ, ಸ್ವಲ್ಪ ಕೆಳಕ್ಕೆ ಜಾರಿತ್ತು. ಈಗ ಅದು ನಡುವೆ ಬಂದು ಕೂತಿದೆ. ಪೂರ್ತಿ ಅಲ್ಲ, ಒಂದು ಚಿಕ್ಕ ಬಾಲ ಇನ್ನೂ ಹಸಿರಿನ ಕಡೆ ಇದೆ. ಆ ಬಾಲವನ್ನು ನೆನಪಿಟ್ಟುಕೊಳ್ಳಿ.

ಕೆಂಪು ಮತ್ತು ಹಳದಿ ನಡುವೆ, ಗಡಿಯಾರದ 11ರ ಹತ್ತಿರ, ಒಂದು ಗೆರೆ ಕಾಣುತ್ತದೆ. ರಿಸಾಲ್ವ್‌ನಲ್ಲಿ ಕಾಣದಿದ್ದರೆ ಸ್ಕೋಪ್‌ನ ಸೆಟ್ಟಿಂಗ್‌ನಲ್ಲಿ `Show Skin Tone Indicator` ಚಾಲೂ ಮಾಡಿ. ಇದನ್ನು ಎಲ್ಲರೂ ಚರ್ಮದ ಗೆರೆ ಅನ್ನುತ್ತಾರೆ, ಆದರೆ ಇದು ಹುಟ್ಟಿದ್ದು ಚರ್ಮಕ್ಕಾಗಿ ಅಲ್ಲ. ಅಮೆರಿಕದಲ್ಲಿ 1953ರಲ್ಲಿ ಒಪ್ಪಿದ ಎನ್‌ಟಿಎಸ್‌ಸಿ ಬಣ್ಣದ ಟೀವಿ ಪದ್ಧತಿಯಲ್ಲಿ ಬಣ್ಣವನ್ನು ಎರಡು ಅಕ್ಷಗಳಲ್ಲಿ ಕಳಿಸುತ್ತಿದ್ದರು. ಕಿತ್ತಳೆಯಿಂದ ಸಯಾನ್‌ವರೆಗಿನ ಅಕ್ಷದಲ್ಲಿ ನಮ್ಮ ಕಣ್ಣು ಸೂಕ್ಷ್ಮ ವ್ಯತ್ಯಾಸ ಜಾಸ್ತಿ ಹಿಡಿಯುತ್ತದೆ ಅಂತ ಅದಕ್ಕೆ ಹೆಚ್ಚು ಬ್ಯಾಂಡ್‌ವಿಡ್ತ್ ಕೊಟ್ಟರು. ಆ ಅಕ್ಷದ ಹೆಸರು ಐ, ಅದು ಬಲಗಡೆಯಿಂದ ಎಣಿಸಿದರೆ 123 ಡಿಗ್ರಿಯಲ್ಲಿದೆ. ಮನುಷ್ಯರ ಚರ್ಮವೂ ಅದರ ಹತ್ತಿರವೇ ಬೀಳುತ್ತದೆ, ಅಷ್ಟೇ.

ಯಾಕೆ ಎಲ್ಲರ ಚರ್ಮವೂ ಅಲ್ಲೇ ಬೀಳುತ್ತದೆ? ಚರ್ಮಕ್ಕೆ ಬಣ್ಣ ಕೊಡುವುದು ಮುಖ್ಯವಾಗಿ ಎರಡು ವಸ್ತು, ಮೆಲನಿನ್ ಮತ್ತು ರಕ್ತದ ಹೀಮೋಗ್ಲೋಬಿನ್. ಎಲ್ಲರಲ್ಲೂ ಇರುವುದು ಇವೇ, ಪ್ರಮಾಣ ಮಾತ್ರ ಬೇರೆ. ಮೆಲನಿನ್ ಜಾಸ್ತಿಯಾದರೆ ಬೆಳಕಿನ ಮಟ್ಟ ಬಹಳ ಇಳಿಯುತ್ತದೆ, ಬಣ್ಣದ ದಿಕ್ಕು ಮಾತ್ರ ಅಷ್ಟಾಗಿ ತಿರುಗುವುದಿಲ್ಲ. ಹಾಗಾಗಿ ವೇವ್‌ಫಾರ್ಮ್‌ನಲ್ಲಿ 57 ಮತ್ತು 35 ಅಂತ ಅಷ್ಟು ದೂರ ಇರುವ ಇಬ್ಬರು ವೆಕ್ಟರ್‌ಸ್ಕೋಪ್‌ನಲ್ಲಿ ಅಕ್ಕಪಕ್ಕ ಬರುತ್ತಾರೆ.

ಅಂಕಿಯಲ್ಲೇ ನೋಡೋಣ. ಹೆಂಗಸಿನ ಕೆನ್ನೆಯಲ್ಲಿ ಈಗ ಕೆಂಪು 72, ಹಸಿರು 54, ನೀಲಿ 44. ಚರ್ಮ ಅಂದರೆ ಪರೇಡ್‌ನಲ್ಲಿ ಯಾವಾಗಲೂ ಈ ಮೆಟ್ಟಿಲು, ಕೆಂಪು ಮೇಲೆ, ಹಸಿರು ನಡುವೆ, ನೀಲಿ ಕೆಳಗೆ. ವೇವ್‌ಫಾರ್ಮ್ ತೋರಿಸುವ ಮಟ್ಟ ಈ ಮೂರರ ಸರಾಸರಿ ಅಲ್ಲ, ರೆಕ್.709ರಲ್ಲಿ ಅದು ಹೀಗೆ ಬರುತ್ತದೆ:

```
Y = 0.2126 R + 0.7152 G + 0.0722 B
```

ಕೂಡಿಸಿ ನೋಡಿದರೆ 57 ಸಿಗುತ್ತದೆ. ಹಸಿರಿನ ಪಾಲು ಎಷ್ಟು ದೊಡ್ಡದು ಅಂತ ಗಮನಿಸಿ, ಅದಕ್ಕೇ ಮುಖದ ಹಸಿರನ್ನು ಮುಟ್ಟಿದಾಗಲೆಲ್ಲ ಎಕ್ಸ್‌ಪೋಷರ್ ಕೂಡ ಅಲುಗಾಡುತ್ತದೆ, ನೀಲಿಯನ್ನು ಮುಟ್ಟಿದರೆ ಹೆಚ್ಚು ಕಮ್ಮಿ ಗೊತ್ತೇ ಆಗುವುದಿಲ್ಲ. ವೆಕ್ಟರ್‌ಸ್ಕೋಪ್‌ನಲ್ಲಿ ಈ ಕೆನ್ನೆ ಸುಮಾರು 127 ಡಿಗ್ರಿಯಲ್ಲಿ ಬೀಳುತ್ತದೆ. ಗೆರೆಗಿಂತ ನಾಲ್ಕು ಡಿಗ್ರಿ ಹಳದಿ ಕಡೆ. ನಾನು ಇದನ್ನು ಮುಟ್ಟುವುದಿಲ್ಲ. ಡಿಗ್ರಿ ಲೆಕ್ಕ ಇಲ್ಲಿ ವಿವರಿಸಲು ಹಾಕಿದ್ದು, ಕೆಲಸ ಮಾಡುವಾಗ ಕಣ್ಣಳತೆಯೇ ಸಾಕು. ಮುಖದ ಎಳೆ ಗೆರೆಯನ್ನು ತಬ್ಬಿಕೊಂಡಿದೆಯೋ, ದೂರ ನಿಂತಿದೆಯೋ ಅಂತ ನೋಡಿದರಾಯಿತು.

ಗಂಡಸಿನ ಕೆನ್ನೆ ನೋಡಿ. ಕೆಂಪು 44, ಹಸಿರು 34, ನೀಲಿ 26. ಕೋನ ಸುಮಾರು 134 ಡಿಗ್ರಿ, ಗೆರೆಯಿಂದ ಹನ್ನೊಂದು ಡಿಗ್ರಿ ಎಡಕ್ಕೆ. ಮಾನಿಟರ್‌ನಲ್ಲಿ ಮುಖ ಕಾಯಿಲೆ ಬಿದ್ದವರ ಹಾಗೆ, ಹಳದಿ-ಹಸಿರು. ಗೆರೆಯ ಎಡಕ್ಕೆ ಜಾರಿದರೆ ಕಾಮಾಲೆ, ಬಲಕ್ಕೆ ಜಾರಿದರೆ ಬಿಸಿಲಲ್ಲಿ ಬೆಂದವರು ಅಂತ ನಾನು ನೆನಪಿಟ್ಟುಕೊಂಡಿದ್ದೇನೆ, ಒರಟಾದರೂ ಕೆಲಸಕ್ಕೆ ಬರುತ್ತದೆ.

ಇದನ್ನು ಸರಿಮಾಡುವ ಎರಡು ದಾರಿ ಇವೆ, ಒಂದು ಕೆಟ್ಟದ್ದು. ಕೆಟ್ಟದ್ದು ಏನೆಂದರೆ, ಇಡೀ ಚಿತ್ರಕ್ಕೆ ಕೆಂಪು-ಮೆಜೆಂಟಾ ತಳ್ಳಿ ಗಂಡಸಿನ ಎಳೆ ಗೆರೆಯ ಮೇಲೆ ಬರುವವರೆಗೆ ಹೋಗುವುದು. ಅದು ಗೆರೆಗೆ ಬರುತ್ತದೆ, ನಿಜ. ಅಷ್ಟರಲ್ಲಿ ಹೆಂಗಸಿನ ಮುಖ ಗುಲಾಬಿ ಆಗಿರುತ್ತದೆ, ಗೋಡೆಯ ಮೋಡ ನಡುವಿನಿಂದ ಎದ್ದು ಮೇಲಕ್ಕೆ ಹೋಗಿರುತ್ತದೆ. ಮುಖ ಮಾತ್ರ ನೋಡುತ್ತಾ ಕೂತವರಿಗೆ ಇದು ಕಾಣುವುದಿಲ್ಲ. ಅದಕ್ಕೆ ಮುಖ ಹೊಂದಿಸುವಾಗ ಒಂದು ಕಣ್ಣು ನಡುವಿನ ಮೋಡದ ಮೇಲೆ ಇರಲಿ, ಅದು ಕದಲಿದರೆ ಮುಖಕ್ಕೆ ಮಾಡಿದ ಉಪಕಾರ ಕೋಣೆಗೆ ಅಪಕಾರ ಆಗುತ್ತಿದೆ ಅಂತ.

ಸರಿಯಾದ ದಾರಿಗೆ ಆ ಬಾಲ ಸಹಾಯಕ್ಕೆ ಬರುತ್ತದೆ. ನಡುವಿನ ಮೋಡದಿಂದ ಹಸಿರಿನ ಕಡೆ ಚಾಚಿದ್ದ ಆ ಬಾಲ ಯಾರದ್ದು? ಗಂಡಸಿನ ಹಿಂದಿನ ಗೋಡೆಯದ್ದು. ಪರೇಡ್‌ನಲ್ಲಿ ಎಡಗಡೆ ಗೋಡೆ ಅಳೆದರೆ ಕೆಂಪು 51, ಹಸಿರು 54, ನೀಲಿ 52 ಸಿಗುತ್ತದೆ. ಟ್ಯೂಬ್‌ಲೈಟ್‌ನ ಹಸಿರು ಅಲ್ಲಿ ಗೋಡೆಗೂ ಬಿದ್ದಿದೆ, ಮುಖಕ್ಕೂ ಬಿದ್ದಿದೆ. ಕೆಟ್ಟಿರುವುದು ಮುಖ ಅಲ್ಲ, ಆ ಕಡೆಯ ಬೆಳಕು. ಆದ್ದರಿಂದ ಫ್ರೇಮಿನ ಎಡ ಭಾಗಕ್ಕೆ ಅಂಚು ತುಂಬಾ ಮೆತ್ತಗಿರುವ ಒಂದು ವಿಂಡೋ ಹಾಕಿ, ಗೋಡೆ ಮತ್ತು ಗಂಡಸು ಇಬ್ಬರೂ ಅದರೊಳಗೆ ಇರುವ ಹಾಗೆ. ಅದರೊಳಗೆ ಗೋಡೆಯನ್ನೇ ನೋಡಿಕೊಂಡು ಗೇನ್ ಹೊಂದಿಸಿ, ಮೂರೂ 53ಕ್ಕೆ ಬರಲಿ. ಕೆನ್ನೆಯನ್ನು ನೋಡಲೇಬೇಡಿ. ಈಗ ಕೆನ್ನೆ ಅಳೆದರೆ ಕೆಂಪು 45.7, ಹಸಿರು 33.4, ನೀಲಿ 26.5. ಕೋನ ಸುಮಾರು 127. ಹೆಂಗಸಿನ ಎಳೆಯ ಪಕ್ಕದಲ್ಲೇ ಬಂದು ನಿಂತಿದೆ, ಅದೂ ಮುಖವನ್ನು ಮುಟ್ಟದೆ!

ಕೆಂಪು ಎರಡಕ್ಕಿಂತ ಕಮ್ಮಿ, ಹಸಿರು ಒಂದಕ್ಕಿಂತ ಕಮ್ಮಿ ಬದಲಾಯಿತು, ಕೋನ ಏಳು ಡಿಗ್ರಿ ತಿರುಗಿತು. ನಡುವಿನ ಚುಕ್ಕೆಗೆ ಹತ್ತಿರ ಇರುವ ಬಣ್ಣಗಳು ಹೀಗೇ, ಸಣ್ಣ ತಳ್ಳುವಿಕೆಗೂ ದೊಡ್ಡದಾಗಿ ತಿರುಗುತ್ತವೆ. ಅದಕ್ಕೇ ಕಪ್ಪು ಚರ್ಮದ ಮೇಲೆ ಚೂರು ಹಸಿರು ಬಿದ್ದರೂ ಅಷ್ಟು ಬೇಗ ಕೆಟ್ಟದಾಗಿ ಕಾಣುವುದು. ಇಂಥ ಸಣ್ಣ ಚಲನೆ ನೋಡಲು ವೆಕ್ಟರ್‌ಸ್ಕೋಪ್‌ನ ಎರಡು ಪಟ್ಟು ಜೂಮ್ ಹಾಕಿಕೊಳ್ಳಿ, ಇಲ್ಲದಿದ್ದರೆ ಎಲ್ಲವೂ ನಡುವೆ ಒಂದು ಮುದ್ದೆಯಾಗಿ ಕಾಣುತ್ತದೆ.

ಇನ್ನು ಎಳೆಯ ಉದ್ದದ ವಿಷಯ, ಇದನ್ನು ಸ್ವಲ್ಪ ನಿಧಾನಕ್ಕೆ ಓದಿ. ಹೆಂಗಸಿನ ಎಳೆ ನಡುವಿನಿಂದ ಅಂಚಿನವರೆಗಿನ ದೂರದಲ್ಲಿ ಸುಮಾರು ಕಾಲು ಭಾಗ ಇದೆ. ಗಂಡಸಿನದು ಅದಕ್ಕಿಂತ ಗಿಡ್ಡ. ಇದನ್ನು ನೋಡಿ ಗಂಡಸಿನ ಮುಖದಲ್ಲಿ ಬಣ್ಣ ಸಾಲದು ಅಂತ ಸ್ಯಾಚುರೇಷನ್ ಏರಿಸುವವರಿದ್ದಾರೆ. ತಪ್ಪು. ವೆಕ್ಟರ್‌ಸ್ಕೋಪ್ ಅಳೆಯುವುದು ಕೆಂಪು, ಹಸಿರು, ನೀಲಿ ನಡುವಿನ ಅಂತರವನ್ನು. ಹೆಂಗಸಿನಲ್ಲಿ ಕೆಂಪಿಗೂ ನೀಲಿಗೂ ಅಂತರ 28, ಗಂಡಸಿನಲ್ಲಿ 19. ಆದರೆ ಅವರವರ ಬೆಳಕಿನ ಮಟ್ಟಕ್ಕೆ ಹೋಲಿಸಿದರೆ, 57ಕ್ಕೆ 28 ಮತ್ತು 35ಕ್ಕೆ 19, ಗಂಡಸಿನ ಮುಖವೇ ಚೂರು ಗಾಢ. ಕಪ್ಪಾದದ್ದೆಲ್ಲ ವೆಕ್ಟರ್‌ಸ್ಕೋಪ್‌ನಲ್ಲಿ ಗಿಡ್ಡವಾಗಿ ಕಾಣುತ್ತದೆ. ಹಾಗೇ ಸ್ಯಾಚುರೇಷನ್ ಮುಟ್ಟದೆ ಬರೀ ಎಕ್ಸ್‌ಪೋಷರ್ ಏರಿಸಿದರೂ ಎಳೆ ಉದ್ದ ಆಗುತ್ತದೆ. ಕಾಂಟ್ರಾಸ್ಟ್ ಕರ್ವ್ ಎಳೆದರೂ ಉದ್ದ ಆಗುತ್ತದೆ, ಯಾಕೆಂದರೆ ಮೂರು ಬಣ್ಣಗಳ ನಡುವಿನ ಅಂತರವನ್ನೇ ಅದು ಹಿಗ್ಗಿಸುತ್ತದೆ. ಆದ್ದರಿಂದ ಎಕ್ಸ್‌ಪೋಷರ್, ಕಾಂಟ್ರಾಸ್ಟ್ ಮುಗಿಯುವ ತನಕ ಸ್ಯಾಚುರೇಷನ್ ಗುಂಡಿಗೆ ಕೈ ಹಾಕಬೇಡಿ. ಮುಗಿದ ಮೇಲೆ ನೋಡಿದರೆ ಬಹಳ ಸಲ ಇಳಿಸಬೇಕಾಗಿ ಬರುತ್ತದೆ, ಏರಿಸಬೇಕಾಗಿ ಅಲ್ಲ.

ನಮ್ಮ ಶಾಟ್‌ನಲ್ಲಿ ಇನ್ನೊಂದು ಮೋಸ ಇದೆ, ಟೇಬಲ್. ವಿಂಡೋ ತೆಗೆದು ಇಡೀ ಫ್ರೇಮಿನ ವೆಕ್ಟರ್‌ಸ್ಕೋಪ್ ನೋಡಿದರೆ ಗೆರೆಯ ಆಸುಪಾಸಿನಲ್ಲಿ ಒಂದು ದಪ್ಪನೆಯ, ಉದ್ದನೆಯ ಎಳೆ ಕಾಣುತ್ತದೆ. ಅದು ಯಾರ ಮುಖವೂ ಅಲ್ಲ, ಮರ. ಮರ, ಮರಳು, ಇಟ್ಟಿಗೆ, ಚರ್ಮದ ಬ್ಯಾಗು, ಕಂದು ಕೂದಲು ಎಲ್ಲವೂ ಕಿತ್ತಳೆ ಕುಟುಂಬದವೇ, ಆ ಗೆರೆಯ ಸುತ್ತಲೇ ಬೀಳುತ್ತವೆ. ಮುಖಕ್ಕಿಂತ ಟೇಬಲ್ ದೊಡ್ಡದಿದ್ದರೆ ಅದರ ಎಳೆಯೇ ದಟ್ಟವಾಗಿ ಕಾಣುತ್ತದೆ. ಅದನ್ನು ಮುಖ ಅಂದುಕೊಂಡು ಗೆರೆಗೆ ಕೂರಿಸಿದರೆ ಟೇಬಲ್ ಚೆನ್ನಾಗಿ ಬರುತ್ತದೆ, ಕೂತವರು ಕೆಡುತ್ತಾರೆ. ಕೆನ್ನೆಯ ಮೇಲೆ ವಿಂಡೋ ಹಾಕಿ ನೋಡಿ ಅಂತ ಪದೇ ಪದೇ ಹೇಳುವುದು ಇದಕ್ಕೇ.

ಇದೇ ಕಾರಣಕ್ಕೆ ಕ್ವಾಲಿಫೈಯರ್‌ನಿಂದ ಚರ್ಮವನ್ನು ಬಣ್ಣದ ಮೇಲೆ ಆರಿಸಲು ಹೋದರೆ ಟೇಬಲ್ ಕೂಡ ಬಂದು ಸೇರಿಕೊಳ್ಳುತ್ತದೆ. ಕ್ವಾಲಿಫೈಯರ್ ಜೊತೆ ಒಂದು ವಿಂಡೋ ಹಾಕಿ ಮುಖದ ಸುತ್ತ ಬೇಲಿ ಕಟ್ಟಿದರೆ ಟೇಬಲ್ ಹೊರಗುಳಿಯುತ್ತದೆ.

ಬೆಳಕು ಸರಿಮಾಡಿದ ಮೇಲೂ ಒಬ್ಬರ ಮುಖ ಮಾತ್ರ ಗೆರೆಯಿಂದ ದೂರ ಉಳಿಯಬಹುದು. ಮೇಕಪ್‌ನ ಬಣ್ಣ ಹೊಂದದಿದ್ದರೆ, ಅಥವಾ ಅಂಗಿಯ ಬಣ್ಣ ಗಲ್ಲದ ಕೆಳಗೆ ಹೊಡೆಯುತ್ತಿದ್ದರೆ ಹೀಗಾಗುತ್ತದೆ. ಆಗ ಹ್ಯೂ ವರ್ಸಸ್ ಹ್ಯೂ ಕರ್ವ್‌ನಲ್ಲಿ ಕಿತ್ತಳೆ ಭಾಗವನ್ನು ಮೆಲ್ಲಗೆ ತಿರುಗಿಸಬಹುದು. ಮೆಲ್ಲಗೆ ಅಂದರೆ ನಿಜವಾಗಿ ಮೆಲ್ಲಗೆ, ಎಳೆ ಅರ್ಧ ದಾರಿ ಬಂದರೆ ನಿಲ್ಲಿಸಿ, ಮಾನಿಟರ್ ನೋಡಿ.

ಗೆರೆಯ ಮೇಲೆ ಪೂರ್ತಿ ಕೂರಿಸಲು ಹೋದವರಿಗೆ ಕಾದಿರುವ ಗತಿ ಬೇರೆಯೇ. ಆರೋಗ್ಯವಾಗಿರುವ ಮುಖದ ಎಳೆ ವೆಕ್ಟರ್‌ಸ್ಕೋಪ್‌ನಲ್ಲಿ ತೆಳು ಕಡ್ಡಿಯ ಹಾಗೆ ಇರುವುದಿಲ್ಲ, ಅಗಲವಾದ ಎಲೆಯ ಹಾಗೆ ಇರುತ್ತದೆ. ಹಣೆ ಸ್ವಲ್ಪ ಹಳದಿ ಕಡೆ, ಕೆನ್ನೆ, ಮೂಗಿನ ತುದಿ, ಕಿವಿ ಕೆಂಪಿನ ಕಡೆ. ಚರ್ಮವನ್ನು ಆರಿಸಿ, ಅದರ ಬಣ್ಣಗಳನ್ನೆಲ್ಲ ಗೆರೆಯ ಕಡೆಗೆ ಹಿಂಡಿದರೆ ಎಲೆ ಕಡ್ಡಿಯಾಗುತ್ತದೆ. ಸ್ಕೋಪ್ ನೋಡಲು ಚೆಂದ. ಮಾನಿಟರ್‌ನಲ್ಲಿ ಮೇಣದ ಬೊಂಬೆ ಕೂತಿರುತ್ತದೆ. ಎಳೆ ಎಷ್ಟು ಅಗಲ ಇತ್ತು ಅಂತ ಶುರುವಿನಲ್ಲಿ ಒಂದು ಸ್ಟಿಲ್ ಹಿಡಿದಿಟ್ಟುಕೊಂಡರೆ ಕೊನೆಗೆ ಹೋಲಿಸಬಹುದು.

ಗೆರೆಯನ್ನು ಬೇಕಂತಲೇ ಬಿಡಬೇಕಾದ ಜಾಗಗಳೂ ಇವೆ. ಸೂರ್ಯ ಮುಳುಗುವ ಹೊತ್ತಿನ ಶಾಟ್, ಮೇಣದಬತ್ತಿಯ ಬೆಳಕು, ಬೀದಿ ದೀಪ. ಅಲ್ಲಿ ಬಿಳಿ ಗೋಡೆಯೇ ನಡುವಿನಲ್ಲಿ ಇರಬಾರದು, ಕಿತ್ತಳೆ ಕಡೆ ಸರಿದಿರಬೇಕು, ಮುಖದ ಎಳೆ ಅದಕ್ಕಿಂತ ಇನ್ನೂ ಉದ್ದ ಇರಬೇಕು. ನೋಡಬೇಕಾದ್ದು ಮುಖಕ್ಕೂ ಗೋಡೆಗೂ ಇರುವ ಸಂಬಂಧವನ್ನು. ನಿಯಾನ್ ನೀಲಿ ಬೆಳಕಿನ ಕೆಳಗೆ ನಿಂತವರ ಮುಖ ಗೆರೆಯಲ್ಲಿ ಇದ್ದರೆ ಅಂಟಿಸಿದ ಹಾಗೆ ಕಾಣುತ್ತದೆ, ಅಲ್ವಾ? ಇಂಥ ದೃಶ್ಯದಲ್ಲಿ ನಾನು ಸ್ಕೋಪ್ ಅನ್ನು ಹೋಲಿಕೆಗೆ ಮಾತ್ರ ಬಳಸುತ್ತೇನೆ. ಒಂದೇ ದೃಶ್ಯದ ಎರಡು ಶಾಟ್‌ಗಳಲ್ಲಿ ಒಬ್ಬರದ್ದೇ ಕೆನ್ನೆ ಒಂದೇ ಮಟ್ಟ, ಒಂದೇ ದಿಕ್ಕಿನಲ್ಲಿ ಇದೆಯಾ ಅಂತ.

ನಮ್ಮ ಕೋಣೆಯ ಶಾಟ್‌ಗೆ ಈಗ ಕ್ಲೋಸ್-ಅಪ್ ಬರುತ್ತದೆ ಅಂದುಕೊಳ್ಳಿ, ಗಂಡಸಿನದೇ. ವೈಡ್ ಶಾಟ್‌ನ ಸ್ಟಿಲ್ ತೆಗೆದು ಪಕ್ಕಕ್ಕಿಡಿ, ಎರಡರಲ್ಲೂ ಕೆನ್ನೆ ಅಳೆಯಿರಿ. ಕ್ಲೋಸ್-ಅಪ್‌ನಲ್ಲಿ ಕೆನ್ನೆ 41 ಇದೆ, ಕೋನ ಅದೇ. ಅದನ್ನು 35ಕ್ಕೆ ಎಳೆದು ತರಬೇಕಾ? ಕ್ಲೋಸ್-ಅಪ್‌ನಲ್ಲಿ ಕಿಟಕಿಯ 97 ಇಲ್ಲ, ಸುತ್ತ ಬರೀ 53ರ ಗೋಡೆ, ಆದ್ದರಿಂದ ಅದೇ ಮುಖ ಕಣ್ಣಿಗೆ ಬೆಳಕಾಗಿ ಕಾಣುತ್ತದೆ. ನಾನು ಮೊದಲು 35ಕ್ಕೆ ತಂದು, ಕತ್ತರಿ ಬೀಳುವ ಜಾಗವನ್ನು ಮೂರು ನಾಲ್ಕು ಸಲ ಓಡಿಸಿ, ಆಮೇಲೆ ಒಂದೆರಡು ಹೆಜ್ಜೆ ಎತ್ತಿ 37ರಲ್ಲಿ ಬಿಟ್ಟೆ. ಕೋನ ಮುಟ್ಟಲಿಲ್ಲ.